ಶುಕ್ರವಾರದ ಅಸೈನ್‌ಮೆಂಟಿಗೆ ನನ್ನ ಗಡುವು ಬುಧವಾರ ರಾತ್ರಿ

ಪದವಿಯ ಎರಡನೆಯ ವರ್ಷದಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದಾಗ ನನ್ನ ವಾರ ಹೀಗಿತ್ತು: ಸೋಮವಾರದಿಂದ ಶುಕ್ರವಾರದವರೆಗೆ ತರಗತಿಗಳು, ಮಂಗಳವಾರ ಮತ್ತು ಗುರುವಾರ ಸಂಜೆ 5ರಿಂದ 9ರವರೆಗೆ ಕೆಲಸ, ಶನಿವಾರ 8 ಗಂಟೆಗಳ ಶಿಫ್ಟ್. ಇವನ್ನು ವೇಳಾಪಟ್ಟಿಯಲ್ಲಿ ಬರೆದು, ಮಿಕ್ಕ ಜಾಗವನ್ನೆಲ್ಲ ಓದಿಗೆ ಬಿಟ್ಟುಕೊಂಡಿದ್ದೆ. ಮೊದಲ ತಿಂಗಳಲ್ಲೇ ಎರಡು ಅಸೈನ್‌ಮೆಂಟ್‌ಗಳನ್ನು ತಡವಾಗಿ ಸಲ್ಲಿಸಬೇಕಾಯಿತು.

ತಪ್ಪೆಲ್ಲಿದೆಯೆಂದು ತಿಳಿಯಲು ಒಂದು ವಾರ ಪೂರ್ತಿ, ಮನೆಯ ಬಾಗಿಲು ದಾಟಿದ ಹೊತ್ತನ್ನೂ ತಲುಪಿದ ಹೊತ್ತನ್ನೂ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟೆ. ಬಸ್ಸಿನಲ್ಲಿ ಕುಳಿತ ಸಮಯವನ್ನಷ್ಟೇ ಎಣಿಸಿ ವಾರಕ್ಕೆ 7 ಗಂಟೆ 20 ನಿಮಿಷಗಳ ಪ್ರಯಾಣವೆಂದು ನಾನು ನಂಬಿದ್ದೆ. ನಿಲ್ದಾಣಕ್ಕೆ ನಡೆಯುವುದು, ಕಾಯುವುದು, ಇಳಿದ ಮೇಲೆ ಮತ್ತೆ ನಡೆಯುವುದು ಸೇರಿದಾಗ ಅದು 11 ಗಂಟೆ 20 ನಿಮಿಷಗಳಾಯಿತು. ಒಂದು ಅಸೈನ್‌ಮೆಂಟಿನ ಅರ್ಧ ಭಾಗವನ್ನು ಬರೆಯಬಹುದಾದ 4 ಗಂಟೆಗಳು ಹೀಗೆ ನನ್ನ ಲೆಕ್ಕಕ್ಕೇ ಬಾರದೆ ಹೋಗುತ್ತಿದ್ದವು. ಪ್ರಯಾಣದಲ್ಲಿ ಓದುತ್ತೇನೆಂಬ ಸಮಾಧಾನವನ್ನೂ ಕೈಬಿಟ್ಟೆ, ಏಕೆಂದರೆ ಆಸನ ಸಿಕ್ಕರೆ ಟಿಪ್ಪಣಿಗಳ ಮೇಲೆ ಕಣ್ಣಾಡಿಸಬಹುದೇ ಹೊರತು ಬರವಣಿಗೆ ಸಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಕೆಲಸದ ದಿನಗಳ ರಾತ್ರಿಯದು. 9ಕ್ಕೆ ಬಿಟ್ಟು 9.45ಕ್ಕೆ ಮನೆ ಸೇರಿದವನು 10.30ಕ್ಕೆ ಬರೆಯಲು ಕೂರುತ್ತೇನೆಂದು ಪಟ್ಟಿಯಲ್ಲಿತ್ತು. ಆ ಹೊತ್ತಿನಲ್ಲಿ ಬರೆದ ಪುಟಗಳನ್ನು ಮರುದಿನ ಬಹುಪಾಲು ತಿದ್ದಬೇಕಾಗುತ್ತಿತ್ತು. ಕೆಲವೊಮ್ಮೆ ಪೂರ್ತಿ ಹರಿದುಹಾಕಬೇಕಾಗುತ್ತಿತ್ತು. ಆದ್ದರಿಂದ ಮಂಗಳವಾರ, ಗುರುವಾರ, ಶನಿವಾರ ರಾತ್ರಿಗಳನ್ನು ಓದಿನ ಲೆಕ್ಕದಿಂದ ತೆಗೆದುಬಿಟ್ಟೆ.

ಆಗ ಗಡುವುಗಳ ಅರ್ಥವೇ ಬದಲಾಯಿತು. ಉದಾಹರಣೆಗೆ, ಶುಕ್ರವಾರ ಬೆಳಿಗ್ಗೆ ಸಲ್ಲಿಸಬೇಕಾದ ಪ್ರಯೋಗ ವರದಿಯೊಂದಕ್ಕೆ 5 ಗಂಟೆ ಸಾಕೆಂದು ನನಗೆ ಅನಿಸಿತ್ತು. ಹಿಂದಿನ ಇಂಥದೇ ವರದಿ 8 ಗಂಟೆ ಹಿಡಿದಿದ್ದನ್ನು ಬರೆದಿಟ್ಟುಕೊಂಡಿದ್ದರಿಂದ ಆ ಸಂಖ್ಯೆಯನ್ನೇ ಒಪ್ಪಿಕೊಂಡೆ. ಗುರುವಾರ ಕೆಲಸವಿರುವುದರಿಂದ ನನ್ನ ನಿಜವಾದ ಗಡುವು ಬುಧವಾರ ರಾತ್ರಿ. ಅಲ್ಲಿಂದ ಹಿಂದಕ್ಕೆ ಎಣಿಸಿ, ಭಾನುವಾರ ಬೆಳಿಗ್ಗೆ 3 ಗಂಟೆ ಲೆಕ್ಕಾಚಾರ ಮತ್ತು ನಕ್ಷೆಗಳಿಗೆ, ಸೋಮವಾರ ಸಂಜೆ 2 ಗಂಟೆ ಮೊದಲ ಕರಡಿಗೆ, ಬುಧವಾರ ಸಂಜೆ 3 ಗಂಟೆ ತಿದ್ದುಪಡಿಗೆ ಇಟ್ಟೆ. ಮಂಗಳವಾರದ ಬಿಡುವು ಅನಿರೀಕ್ಷಿತವಾಗಿ ನೆರವಾಯಿತು: ಸೋಮವಾರ ಕಾಣದ ಒಂದು ಲೆಕ್ಕದ ತಪ್ಪು ಬುಧವಾರ ತಾನಾಗಿ ಕಣ್ಣಿಗೆ ಬಿತ್ತು.

ಭಾನುವಾರ ಸಂಜೆಯ 2 ಗಂಟೆಗಳನ್ನು ಯಾವುದಕ್ಕೂ ಹಂಚದೆ, ಅಂದು ಬೆಳಿಗ್ಗೆ ಮುಗಿಯದ ಕೆಲಸಕ್ಕೆ ಮೀಸಲಿಡುತ್ತೇನೆ. ಸತತ ಎರಡು ವಾರ ಅದೂ ತುಂಬಿಹೋದರೆ ಹೊರೆ ಹೆಚ್ಚಾಗಿದೆಯೆಂದೇ ತಿಳಿದು, ನಿದ್ದೆಯನ್ನು ಕತ್ತರಿಸುವ ಬದಲು ಒಂದು ಸಂಜೆಯ ಶಿಫ್ಟನ್ನು ಬಿಡುತ್ತೇನೆ. ಪರೀಕ್ಷೆಯ ವಾರಕ್ಕೆ ಈ ಯೋಜನೆ ಹೊಂದುವುದೇ ಇಲ್ಲ. ದಿನಾಂಕ ಪ್ರಕಟವಾದ ದಿನವೇ ಮೇಲ್ವಿಚಾರಕರಿಗೆ ಲಿಖಿತವಾಗಿ ತಿಳಿಸಿ, ಆ ವಾರದ ಶಿಫ್ಟ್‌ಗಳನ್ನು ಸಹೋದ್ಯೋಗಿಗಳೊಂದಿಗೆ ಬದಲಾಯಿಸಿಕೊಳ್ಳುತ್ತೇನೆ.