ಹಿರಿಯ ವಕೀಲರಲ್ಲಿ ಮಾರ್ಗದರ್ಶನ ಕೇಳುವ ಸಂದೇಶ

ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯದಲ್ಲಿ ವೃತ್ತಿ ಆರಂಭಿಸಿರುವ ಕಿರಿಯರು ನನಗೆ ತೋರಿಸುವ ಸಂದೇಶಗಳಲ್ಲಿ ಹೆಚ್ಚಿನವು ‘ದಯವಿಟ್ಟು ಮಾರ್ಗದರ್ಶನ ನೀಡಬೇಕು’ ಎಂಬಲ್ಲಿಗೆ ಮುಗಿಯುತ್ತವೆ. ಯಾವ ವಿಷಯ, ಎಷ್ಟು ಹೊತ್ತು, ಎಷ್ಟು ಸಲ ಎಂಬುದು ತಿಳಿಯದೆ ಹಿರಿಯರು ಒಪ್ಪಿಕೊಳ್ಳುವುದು ಕಷ್ಟ. ಕುಂಬಳೆಯ ಯುವ ವಕೀಲೆಯೊಬ್ಬರ ಸಂದೇಶವನ್ನು ನಾವಿಬ್ಬರೂ ಕುಳಿತು ಹೀಗೆ ತಿದ್ದಿದೆವು:

“ಮಾನ್ಯ ಸರ್, ನಮಸ್ಕಾರ. ನಾನು 2 ವರ್ಷಗಳಿಂದ ಸಿವಿಲ್ ಪ್ರಕರಣಗಳನ್ನು ನೋಡುತ್ತಿದ್ದೇನೆ. 1956ಕ್ಕಿಂತ ಹಿಂದಿನ, ಕನ್ನಡದಲ್ಲಿರುವ ಜಮೀನು ದಾಖಲೆಗಳ ಚಕ್ಕುಬಂದಿಯನ್ನು ಈಗಿನ ಸರ್ವೆ ನಂಬರಿಗೆ ಹೊಂದಿಸುವಲ್ಲಿ ತೊಡಕಾಗುತ್ತಿದೆ. ಎರಡು ತಿಂಗಳಿಗೊಮ್ಮೆ, ಒಟ್ಟು ಮೂರು ಸಲ, 20 ನಿಮಿಷ ತಮ್ಮನ್ನು ಕಾಣಬಹುದೇ? ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ಬರೆದು ಮೂರು ದಿನ ಮೊದಲೇ ತಲುಪಿಸುತ್ತೇನೆ. ಅನುಕೂಲವಾಗದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ.”

‘ಮೂರು ಸಲ’ ಎಂಬ ಮಾತನ್ನು ಬಿಡಬೇಡಿ. ಕೊನೆಯೊಂದು ಕಾಣುತ್ತಿದ್ದರೆ ಒಪ್ಪುವುದು ಸುಲಭ, ಮುಂದುವರಿಸಬೇಕೆನಿಸಿದರೆ ಅವರೇ ಹೇಳುತ್ತಾರೆ.

ಇದಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವುದು ಕಕ್ಷಿದಾರರ ಗುಟ್ಟು. ನಮ್ಮದು ಚಿಕ್ಕ ಊರು, ಎದುರು ಕಕ್ಷಿಯವರು ಅದೇ ಹಿರಿಯರ ಬಳಿಗೆ ಹೋಗಿರಬಹುದು. ಆದ್ದರಿಂದ ಸಂದೇಶದಲ್ಲಾಗಲಿ ಪ್ರಶ್ನೆಗಳ ಪುಟದಲ್ಲಾಗಲಿ ಹೆಸರು, ಗ್ರಾಮ, ಸರ್ವೆ ನಂಬರುಗಳನ್ನು ಬರೆಯದೆ, ‘ಪೂರ್ವಕ್ಕೆ ತೋಡು ಎಂದಿದೆ, ಈಗ ಅಲ್ಲಿ ರಸ್ತೆಯಿದೆ, ಗಡಿಯನ್ನು ಹೇಗೆ ಸಾಬೀತುಪಡಿಸುವುದು?’ ಎಂದಷ್ಟೇ ಕೇಳಿ. ದಾಖಲೆಯ ಫೋಟೊ ಕಳುಹಿಸಲೇಬೇಡಿ.

ಕಲಾಪದ ವೇಳೆ ಬಿಟ್ಟು ಸಂಜೆ ಕಳುಹಿಸಿ. ಹತ್ತು ದಿನ ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ನೆನಪಿಸಿ.