ಮೊಟ್ಟೆಯ ಬುಟ್ಟಿಯಿಂದ ಅಕ್ಕಡಿ ಸಾಲಿಗೆ: ಇಂಗ್ಲಿಷ್ ಗಾದೆಯನ್ನು ಕನ್ನಡಕ್ಕೆ ತರುವುದು ಹೇಗೆ?

ಹೋದ ವರ್ಷ ನಾಲ್ಕು ಪುಟದ ಒಂದು ಕರಪತ್ರ ಅನುವಾದಕ್ಕೆಂದು ನನ್ನ ಕೈಗೆ ಬಂತು. ಯಲಹಂಕದಲ್ಲಿ ನಿವೃತ್ತರಿಗಾಗಿ ಒಂದು ಸಭೆ ಇತ್ತು, ಅಲ್ಲಿ ಹಂಚುವುದಕ್ಕೆ. ನಿವೃತ್ತಿಯ ದುಡ್ಡು ಒಟ್ಟಿಗೆ ಕೈಗೆ ಬಂದಾಗ ಅದನ್ನು ಎಲ್ಲೆಲ್ಲಿ ಹೂಡಬೇಕು ಎನ್ನುವುದು ವಿಷಯ. ತಲೆಬರಹವೇ ಗಾದೆ: ‘ಡೋಂಟ್ ಪುಟ್ ಆಲ್ ಯುವರ್ ಎಗ್ಸ್ ಇನ್ ಒನ್ ಬಾಸ್ಕೆಟ್’. ಹೆಚ್ಚು ಯೋಚಿಸದೆ ‘ನಿಮ್ಮ ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ’ ಎಂದು ಬರೆದೆ. ಪತ್ರಿಕೆಗಳ ಹಣಕಾಸು ಪುಟಗಳಲ್ಲಿ ಎಷ್ಟೋ ಸಲ ಓದಿದ್ದ ಸಾಲು, ಹಾಗಾಗಿ ಬೆರಳು ತಾನಾಗಿಯೇ ಅದನ್ನು ಬರೆಯಿತು.

ಮರುದಿನ ಗಟ್ಟಿಯಾಗಿ ಓದಿದಾಗ ತಪ್ಪು ಕಿವಿಗೆ ಬಿತ್ತು. ಕನ್ನಡದಲ್ಲಿ ಮೊಟ್ಟೆ ಇಡುವುದು ಕೋಳಿ. ‘ಮೊಟ್ಟೆ ಇಡಬೇಡಿ’ ಎಂದರೆ ಬುಟ್ಟಿಯಲ್ಲಿ ಕೂತ ಕೋಳಿಗೆ ಹೇಳಿದ ಹಾಗಿದೆ. ‘ತುಂಬಬೇಡಿ’ ಎಂದು ಬದಲಾಯಿಸಿದರೆ ಆ ದೋಷ ಹೋಗುತ್ತದೆ, ಆದರೆ ಚಿತ್ರ ಮಾತ್ರ ನಮ್ಮದಾಗುವುದಿಲ್ಲ. ನಮ್ಮ ಬೀದಿಯ ಅಂಗಡಿಗೆ ಮೊಟ್ಟೆ ಬರುವುದು ಮೂವತ್ತರ ಟ್ರೇಯಲ್ಲಿ. ಮೊಟ್ಟೆಯ ಬುಟ್ಟಿ ಹೊತ್ತು ಸಂತೆಗೆ ಹೋಗುವಾಗ ಎಡವಿ ಬಿದ್ದವರ ನೆನಪು ಈ ಓದುಗರಲ್ಲಿ ಯಾರಿಗೂ ಇರಲಾರದು. ಮೊಟ್ಟೆಯನ್ನು ಮನೆಗೇ ತರದವರೂ ಅವರಲ್ಲಿ ಬೇಕಾದಷ್ಟು ಮಂದಿ ಇದ್ದರು. ಆ ಸಾಲನ್ನು ಹೊಡೆದುಹಾಕಿ ಮೊದಲಿನಿಂದ ಶುರುಮಾಡಿದೆ. ಆಗ ಹಿಡಿದ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಗಾದೆಯನ್ನು ಮುಚ್ಚಿಟ್ಟು ಅದರ ಕೆಲಸವನ್ನು ಬರೆದುಕೊಳ್ಳಿ

ಗಾದೆಯ ಪದಗಳನ್ನು ಕಣ್ಣಿನಿಂದ ದೂರ ಮಾಡಿ, ಅದು ಆ ಜಾಗದಲ್ಲಿ ಏನು ಮಾಡುತ್ತಿದೆ ಎಂದು ಆಡುಮಾತಿನಲ್ಲಿ ಬರೆಯಿರಿ. ಯಾರು ಯಾರಿಗೆ ಹೇಳುತ್ತಿದ್ದಾರೆ? ಕೆಲಸಕ್ಕೆ ಮುಂಚೆಯೋ, ಕೆಟ್ಟ ಮೇಲೋ? ಬುದ್ಧಿವಾದವೋ, ಬೈಗುಳವೋ, ಸಮಾಧಾನವೋ? ನಾನು ಬರೆದುಕೊಂಡದ್ದು ಇಷ್ಟು: ‘ವಯಸ್ಸಾದವರಿಗೆ, ದುಡ್ಡು ಹೂಡುವ ಮುಂಚೆ, ಗೌರವದಿಂದ ಹೇಳುವ ಎಚ್ಚರಿಕೆ. ಒಂದು ಕಡೆ ನಷ್ಟವಾದರೂ ಇನ್ನೊಂದು ಕಡೆ ಉಳಿಯಬೇಕು.’

ಇದನ್ನು ಬರೆಯುವಾಗಲೇ ಒಂದು ವಿಷಯ ಹೊಳೆಯಿತು. ಬುಟ್ಟಿಯ ಚಿತ್ರದಲ್ಲಿ ಇರುವುದೆಲ್ಲ ಒಂದೇ ಬಗೆಯ ಮೊಟ್ಟೆ, ಬುಟ್ಟಿಗಳು ಮಾತ್ರ ಬೇರೆ. ಠೇವಣಿಯನ್ನು ಬೇರೆ ಬೇರೆ ಬ್ಯಾಂಕುಗಳಲ್ಲಿ ಇಡಿ ಎನ್ನುವುದಕ್ಕೆ ಅದು ಸರಿಹೊಂದುತ್ತದೆ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೆ ಎರಡೂ ಸೇರಿ ಒಂದೇ ಲೆಕ್ಕ. ನಮ್ಮ ಕರಪತ್ರ ಹೇಳುತ್ತಿದ್ದದ್ದು ಅದಲ್ಲ. ಒಂದಿಷ್ಟು ಠೇವಣಿ, ಒಂದಿಷ್ಟು ಚಿನ್ನ, ಒಂದಿಷ್ಟು ಮ್ಯೂಚುವಲ್ ಫಂಡ್ ಎಂದು ಬಗೆಯನ್ನೇ ಬೇರೆ ಮಾಡಿ ಎನ್ನುತ್ತಿತ್ತು. ಅಂದರೆ ಇಂಗ್ಲಿಷ್ ಗಾದೆಯೇ ಅಲ್ಲಿ ಅರ್ಧ ಹೊಂದುತ್ತಿತ್ತು. ಪದಕ್ಕೆ ಪದ ಇಳಿಸಿದ್ದರೆ ಇದು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಎರಡನೆಯ ಹೆಜ್ಜೆ: ಇರುವ ಗಾದೆಗಳನ್ನು ತಡಕಿ, ಆದರೆ ತೂಗಿ ನೋಡಿ

ಎಷ್ಟೋ ಸಲ ಕೆಲಸ ಇಲ್ಲಿಯೇ ಮುಗಿಯುತ್ತದೆ. ಮರಿ ಹೊರಬರುವ ಮೊದಲೇ ಕೋಳಿ ಎಣಿಸಬೇಡ ಎನ್ನುವ ಇಂಗ್ಲಿಷ್ ಮಾತಿಗೆ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಇದೆ. ಇರುವ ಬಟ್ಟೆಗೆ ತಕ್ಕಂತೆ ಕೋಟು ಹೊಲಿಸು ಎನ್ನುವುದಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಇದೆ. ಆದರೂ ಜಾಗ ನೋಡಿ ಹಾಕಬೇಕು. ಹೆರಿಗೆ ಆಸ್ಪತ್ರೆಯ ಕರಪತ್ರದಲ್ಲಿ ಕೂಸು ಕುಲಾವಿಯ ಮಾತು ಬಂದರೆ ಓದುವ ಬಸುರಿಯ ಎದೆ ಧಸಕ್ಕೆನ್ನುತ್ತದೆ.

ಹೆಚ್ಚು ಎಡವುವುದು ಹತ್ತಿರದ ಗಾದೆಗಳಲ್ಲಿ. ಖಾಲಿ ಪಾತ್ರೆಯ ಸದ್ದು ಜಾಸ್ತಿ ಎನ್ನುವ ಇಂಗ್ಲಿಷ್ ಗಾದೆಗೆ ಬಹುತೇಕರು ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಬರೆಯುತ್ತಾರೆ. ವಿಚಾರ ಒಂದೇ, ಮುಖ ಬೇರೆ. ಇಂಗ್ಲಿಷಿನದು ಬಡಾಯಿಕೋರನನ್ನು ಚುಚ್ಚುತ್ತದೆ, ನಮ್ಮದು ಬಲ್ಲವನನ್ನು ಹೊಗಳುತ್ತದೆ. ಕಥೆಯಲ್ಲಿ ಒಬ್ಬನನ್ನು ಹೀಯಾಳಿಸುವ ಸಂದರ್ಭವಿದ್ದು, ಅಲ್ಲಿ ತುಂಬಿದ ಕೊಡ ತಂದಿಟ್ಟರೆ ಚುಚ್ಚುಮಾತು ಹೊಗಳಿಕೆಯಾಗಿ ಕೂತುಬಿಡುತ್ತದೆ.

ಬುಟ್ಟಿಯ ಗಾದೆಗೆ ಹುಡುಕಿದಾಗ ನನಗೆ ಸಿಕ್ಕಿದ್ದು ಪೂರಾ ತಿರುಗುಮುರುಗು. ‘ಎರಡು ದೋಣಿಯ ಮೇಲೆ ಕಾಲಿಡಬೇಡ’ ಎನ್ನುತ್ತದೆ ಕನ್ನಡ. ಎರಡನ್ನು ನಂಬಿದರೆ ಮುಳುಗುತ್ತೀಯ, ಒಂದನ್ನೇ ಗಟ್ಟಿಯಾಗಿ ಹಿಡಿ ಎಂದು ಅದರ ಬುದ್ಧಿವಾದ. ಕರಪತ್ರ ಓದುವವರ ತಲೆಯಲ್ಲಿ ಈ ಮಾತು ಮೊದಲೇ ಬೇರೂರಿದೆ ಎನ್ನುವುದು ಮುಖ್ಯ. ದುಡ್ಡು ಹಂಚಿ ಹಾಕಿ ಎಂದರೆ, ‘ಅಯ್ಯೋ, ಎರಡು ದೋಣಿ ವ್ಯವಹಾರ ಬೇಡಪ್ಪ’ ಎಂದು ಹೇಳುವವರು ಅವರೇ. ಹಾಗಾಗಿ ಹೊಸ ಸಾಲಿನಲ್ಲಿ ಹಂಚುವುದು ಚಂಚಲತೆಯಲ್ಲ, ಜಾಣತನ ಎಂದು ಕಾಣಬೇಕಿತ್ತು.

ಮೂರನೆಯ ಹೆಜ್ಜೆ: ಓದುಗರ ಬದುಕಿನಲ್ಲಿ ಅದೇ ಜಾಣತನ ಎಲ್ಲಿದೆ ಎಂದು ನೋಡಿ

ಗಾದೆ ಇಲ್ಲದಿದ್ದರೂ ಆ ತಿಳಿವಳಿಕೆ ಎಲ್ಲೋ ಬಳಕೆಯಲ್ಲಿ ಇದ್ದೇ ಇರುತ್ತದೆ. ಯಲಹಂಕ, ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಿನ ಹಳೆಯ ತಲೆಮಾರಿಗೆ ರಾಗಿ ಹೊಲ ಗೊತ್ತು. ಮಳೆ ನಂಬಿದ ಹೊಲಕ್ಕೆ ಬರೀ ರಾಗಿ ಬಿತ್ತುವುದಿಲ್ಲ. ಏಳೆಂಟು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆಯನ್ನೋ ತೊಗರಿಯನ್ನೋ ಹಾಕುತ್ತಾರೆ. ಹುಚ್ಚೆಳ್ಳು, ಜೋಳ, ಹರಳೂ ಇರುತ್ತವೆ. ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ತೆನೆ ಕಟ್ಟುವ ಹೊತ್ತಿಗೆ ಮಳೆ ಹೋದರೆ ರಾಗಿ ಜಳ್ಳಾಗುತ್ತದೆ. ಅವರೆ, ತೊಗರಿಗಳ ಕಾಲ ಬೇರೆ, ಬೇರು ಆಳ. ರಾಗಿ ಕೊಯ್ಲಾದ ಮೇಲೂ ಅವು ನಿಂತಿದ್ದು ಚಳಿಗಾಲದಲ್ಲಿ ಕಾಯಿ ಬಿಡುತ್ತವೆ.

ಬುಟ್ಟಿ ಹೇಳದೆ ಬಿಟ್ಟದ್ದನ್ನು ಅಕ್ಕಡಿ ಹೇಳುತ್ತದೆ. ಎರಡು ಸಾಲು ರಾಗಿ ಹಾಕಿದರೆ ಅದು ಅಕ್ಕಡಿ ಅಲ್ಲ. ಒಂದೇ ಕಾರಣಕ್ಕೆ ಎರಡೂ ಕೆಡದಂಥ ಬೆಳೆ ಬೇಕು. ಕರಪತ್ರದ ಎರಡನೆಯ ಪುಟವೂ ಹಣದ ವಿಷಯದಲ್ಲಿ ಇದನ್ನೇ ಹೇಳುತ್ತಿತ್ತು.

ನಾಲ್ಕನೆಯ ಹೆಜ್ಜೆ: ಗಾದೆಯ ಮೈಕಟ್ಟು ಕೊಡಿ

ಇದು ಹೆಚ್ಚು ಸಮಯ ತೆಗೆದುಕೊಂಡ ಹೆಜ್ಜೆ. ಇಂಗ್ಲಿಷ್ ಗಾದೆಗಳಲ್ಲಿ ಅನೇಕ ಸಲ ಅಂತ್ಯದ ಸದ್ದು ಹೊಂದುತ್ತದೆ. ಸಕಾಲದ ಒಂದು ಹೊಲಿಗೆ ಒಂಬತ್ತನ್ನು ಉಳಿಸುತ್ತದೆ ಎನ್ನುವಾಗ ಆ ಒಂಬತ್ತು ಲೆಕ್ಕಕ್ಕಾಗಿ ಬಂದದ್ದಲ್ಲ. ‘ಟೈಮ್’ಗೆ ‘ನೈನ್’ ಹತ್ತಿರದ ಸದ್ದು, ಅದಕ್ಕೇ ಬಂದದ್ದು. ಕನ್ನಡಕ್ಕೆ ತಂದಾಗ ಸದ್ದು ಹೋಗಿ ಒಂಬತ್ತು ಅನಾಥವಾಗಿ ಉಳಿಯುತ್ತದೆ. ನಮ್ಮ ಗಾದೆಗಳ ಕಟ್ಟು ಬೇರೆ. ‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು’ ಎನ್ನುವಲ್ಲಿ ಎರಡನೆಯ ಅಕ್ಷರ ಪ್ರಾಸ ಕೂಡುತ್ತದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುವಲ್ಲಿ ಸಮತೂಕದ ಎರಡು ಭಾಗ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎನ್ನುವಲ್ಲಿ ‘ಅಂತೆ’ಯೇ ಒಂದು ಪುಟ್ಟ ಕಥೆ ಹೇಳುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವುದು ಪ್ರಶ್ನೆ.

ನನ್ನ ಮೊದಲ ಸಾಲು ‘ಹೊಲಕ್ಕೆಲ್ಲ ಒಂದೇ ಬೆಳೆ ಹಾಕಬೇಡಿ, ಅಕ್ಕಡಿಯೂ ಇರಲಿ’. ಅರ್ಥ ಸರಿ, ಆದರೆ ಕೃಷಿ ಇಲಾಖೆಯ ಸೂಚನೆಯ ಧಾಟಿ. ‘ಬೇಡಿ’ಯ ಬದಲು ಏನಾದೀತು ಎಂದು ಹೇಳಿದರೆ ಹೇಗೆ? ಬೆಳೆ ಕೆಟ್ಟರೆ ರೈತರು ‘ರಾಗಿ ಕೈಕೊಡ್ತು’ ಎನ್ನುತ್ತಾರೆ. ಉಳಿಸಿದ್ದಕ್ಕೆ ‘ಅವರೆ ಕೈಹಿಡೀತು’ ಎನ್ನುತ್ತಾರೆ. ಎರಡೂ ದಿನನಿತ್ಯದ ಮಾತು, ಎರಡರಲ್ಲೂ ಕೈ ಇದೆ. ಸಾಲು ಕೂಡಿತು:

ರಾಗಿ ಕೈಕೊಟ್ಟರೆ ಅವರೆ ಕೈಹಿಡಿದೀತು.

‘ಹಿಡಿಯುತ್ತದೆ’ ಎಂದು ಬರೆಯದೆ ‘ಹಿಡಿದೀತು’ ಎಂದು ಬರೆದದ್ದಕ್ಕೆ ಕಾರಣವಿದೆ. ವ್ಯಾಕರಣದಲ್ಲಿ ಸಂಭಾವನಾರ್ಥಕ ಎನ್ನುವ ಈ ರೂಪ ಆಗಬಹುದು ಎಂದಷ್ಟೇ ಹೇಳುತ್ತದೆ. ಭೀಕರ ಬರ ಬಿದ್ದ ವರ್ಷ ಅಕ್ಕಡಿಯೂ ಒಣಗುತ್ತದೆ, ಹೂಡಿಕೆಯಲ್ಲೂ ಗ್ಯಾರಂಟಿ ಇಲ್ಲ. ನಿವೃತ್ತರ ಕೈಗೆ ಕೊಡುವ ಕಾಗದದಲ್ಲಿ ‘ಹಿಡಿಯುತ್ತದೆ’ ಎಂದು ಅಚ್ಚಾಗಿದ್ದರೆ ಅದು ಸುಳ್ಳು ಭರವಸೆ ಆಗುತ್ತಿತ್ತು.

ಐದನೆಯ ಹೆಜ್ಜೆ: ಇಂಗ್ಲಿಷ್ ನೋಡದವರಿಗೆ ಓದಿ ಹೇಳಿ

ಹೇಗಿದೆ ಎಂದು ಕೇಳಬೇಡಿ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಇದನ್ನು ಕೇಳಿದರೆ ಏನು ಮಾಡಬೇಕು ಅನ್ನಿಸುತ್ತದೆ ಎಂದು ಕೇಳಿ. ನಮ್ಮ ಬೀದಿಯಲ್ಲಿ ಹೂ ಮಾರುವ ಅಮ್ಮ ದೇವನಹಳ್ಳಿ ಕಡೆಯವರು. ಅವರಿಗೆ ಸಾಲು ಓದಿದೆ.

“ದಿಟ ಕಣಪ್ಪ,” ಎಂದರು. “ಆದ್ರೆ ಇದು ಬಿತ್ನೆ ಬೀಜದ ಚೀಟಿನಾ, ಸಾಲದ್ದಾ?”

ದುಡ್ಡಿನ ವಿಷಯ ಎಂದು ಅವರಿಗೆ ಹೊಳೆದಿರಲಿಲ್ಲ. ಬುಟ್ಟಿಯ ಗಾದೆಗೆ ಬಳಕೆಯ ಬಲವಿದೆ, ಹೊಸ ಸಾಲಿಗೆ ಅದಿಲ್ಲ, ಹಾಗಾಗಿ ಒಂದು ಮೆಟ್ಟಿಲು ಕೊಡಬೇಕು. ಮೇಲೆ ‘ದುಡ್ಡಿಗೂ ಬೇಕು ಅಕ್ಕಡಿ ಸಾಲು’ ಎಂದು ತಲೆಬರಹ ಹಾಕಿ, ಕೆಳಗೆ ರಾಗಿ ಅವರೆಯ ಸಾಲನ್ನು ಇಟ್ಟೆ. ಮತ್ತೆ ಓದಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೀಟಿ ಒಂದ್ಕೇ ಎಲ್ಲಾನೂ ಕಟ್ಬಾರ್ದು ಅಂತ ತಾನೆ?” ಎಂದರು. ಅಷ್ಟು ಸಾಕಾಯಿತು.

ಚಿತ್ರಗಳನ್ನೂ ನೋಡಿಕೊಳ್ಳಬೇಕು. ಮೂಲದಲ್ಲಿ ಪುಟದ ಮೂಲೆಗೆ ಮೊಟ್ಟೆ ತುಂಬಿದ ಬುಟ್ಟಿ ಬರೆದಿದ್ದರು, ಒಳಪುಟದಲ್ಲಿ ‘ಬಿರುಕು ಬಿಟ್ಟರೆ’ ಎಂದು ಅದೇ ಉಪಮೆ ಮುಂದುವರಿದಿತ್ತು. ಗಾದೆ ಬದಲಾದರೆ ಇವೆಲ್ಲ ಬದಲಾಗಬೇಕು. ವಿನ್ಯಾಸ ಮಾಡುವವರಿಗೆ ಅಚ್ಚಿಗೆ ಹೋಗುವ ಹಿಂದಿನ ದಿನ ಹೇಳಿದರೆ ಆಗದು.

ಯಾವಾಗ ಬದಲಿಸಬಾರದು?

ಕಾದಂಬರಿಯಲ್ಲಿ ಇಂಗ್ಲೆಂಡಿನ ರೈತನೊಬ್ಬ ಈ ಮಾತು ಆಡಿದರೆ ಅವನ ಬಾಯಿಗೆ ಅವರೆ, ರಾಗಿ ತುರುಕಬಾರದು. ಅವನ ಊರಿನಲ್ಲಿ ಅವನ ಬುಟ್ಟಿಯೇ ಇರಲಿ, ಕ್ರಿಯಾಪದ ಮಾತ್ರ ಕನ್ನಡದ್ದಾಗಲಿ. ‘ಒಂದೇ ಕಲ್ಲಿಗೆ ಎರಡು ಹಕ್ಕಿ’ಯಂತೆ ಆಗಲೇ ನಾಲಿಗೆಗೆ ಒಗ್ಗಿಹೋದದ್ದನ್ನೂ ಕೆದಕಬೇಕಾಗಿಲ್ಲ.

ಇದೇ ಕರಪತ್ರವನ್ನು ಮಲೆನಾಡಿನ ಕಡೆಗೂ ಮಾಡಿಕೊಡಿ ಎಂದು ಈ ವರ್ಷ ಕೇಳಿದ್ದಾರೆ. ಅಲ್ಲಿ ಮಳೆ ನಂಬಿದ ರಾಗಿ ಹೊಲವಿಲ್ಲ, ಅಡಿಕೆ ತೋಟ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತಕ್ಷಣ ನೆನಪಿಗೆ ಬಂತು, ಸಾಲೂ ಚೆನ್ನಾಗಿ ಕೂಡುತ್ತಿತ್ತು. ಆದರೆ ಮಳೆ ಜಡಿದರೆ ಅಡಿಕೆಗೆ ಕೊಳೆರೋಗ, ಅದೇ ಮಳೆಗೆ ಮೆಣಸಿಗೆ ಸೊರಗು ರೋಗ. ಎರಡಕ್ಕೂ ಕಾರಣ ಒಂದೇ ಕುಲಕ್ಕೆ ಸೇರಿದ, ಶಿಲೀಂಧ್ರದಂಥ ರೋಗಾಣುಗಳು. ಎರಡೂ ಒಟ್ಟಿಗೆ ಹೋಗುವ ಜೋಡಿಯನ್ನು ತೋರಿಸಿ ಹಣ ಹಂಚಿ ಎಂದರೆ ಅಲ್ಲಿಯ ಬೆಳೆಗಾರರು ಒಪ್ಪುವುದಿಲ್ಲ. ಸದ್ಯಕ್ಕೆ ಆ ಪ್ರತಿಯಲ್ಲಿ ‘ಇರುವ ದುಡ್ಡನ್ನೆಲ್ಲ ಒಂದೇ ಕಡೆ ಹಾಕಬೇಡಿ’ ಎಂದು ನೇರವಾಗಿ ಬರೆದಿದ್ದೇನೆ.