ಸುಣ್ಣ ಬಳಿದ ಲಿಂಬೆಹಣ್ಣು ಮತ್ತು ಹಗಲಿನ ಚಂದ್ರ

ನಾನು ವಿಜಯಪುರ ತಾಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. 2024ರ ದೀಪಾವಳಿ ಅಮಾವಾಸ್ಯೆಯಿಂದ ಶುರು ಮಾಡಿ ಸುಮಾರು ಒಂದು ತಿಂಗಳು ಏಳನೇ ತರಗತಿ ಮಕ್ಕಳ ಕೈಲಿ ಚಂದ್ರನನ್ನು ನೋಡಿಸಿದೆ. ದೀಪಾವಳಿ ಆರಿಸಿಕೊಂಡಿದ್ದಕ್ಕೆ ಕಾರಣ ಇಷ್ಟೇ. ನಮ್ಮ ಕಡೆ ಮಳೆಗಾಲ ಮುಗಿದಿರುತ್ತದೆ, ಸಂಜೆ ಬೇಗ ಕತ್ತಲಾಗುತ್ತದೆ, ಮಕ್ಕಳು ಊಟಕ್ಕೆ ಕೂರುವ ಮೊದಲೇ ಮಾಳಿಗೆ ಹತ್ತಿ ನೋಡಿ ಇಳಿಯಬಹುದು.

ಚಂದ್ರನಿಗಿಂತ ಮೊದಲು ಒಂದು ಗೆರೆ ಬೇಕಿತ್ತು. ದಿಕ್ಕು ಗೊತ್ತಿಲ್ಲದೆ ಬರೆದ ಚಿತ್ರಗಳನ್ನು ಆಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಏನೂ ತಿಳಿಯೋದಿಲ್ಲ. ಹಾಗಾಗಿ ಅಮಾವಾಸ್ಯೆಗೆ ಮುಂಚಿನ ಭಾನುವಾರ ಎಲ್ಲರೂ ಅವರವರ ಮಾಳಿಗೆ ಮೇಲೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, 11:45ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿದರು. ಅತಿ ಚಿಕ್ಕ ನೆರಳು ಬಿದ್ದದ್ದು 12 ಗಂಟೆಗಲ್ಲ, 12:10ರ ಆಸುಪಾಸು, ಉದ್ದ ಸುಮಾರು 57 ಸೆಂ.ಮೀ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ವಿಜಯಪುರ ಇರೋದು ಅದಕ್ಕಿಂತ ಏಳು ಡಿಗ್ರಿಯಷ್ಟು ಪಶ್ಚಿಮಕ್ಕೆ. ಹಾಗಾಗಿ ನಮ್ಮ ನಡುಹಗಲು ಯಾವಾಗಲೂ ತಡ. ಎಷ್ಟು ತಡ ಅನ್ನೋದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ನವೆಂಬರ್ ಶುರುವಿನಲ್ಲಿ ಕಡಿಮೆ, ಫೆಬ್ರುವರಿಯಲ್ಲಿ 12:40 ಆಗುತ್ತದೆ. ಆ ಚಿಕ್ಕ ನೆರಳಿನ ಮೇಲೆ ಎಳೆದ ಸುಣ್ಣದ ಗೆರೆಯೇ ಉತ್ತರ-ದಕ್ಷಿಣ.

ಆಮೇಲಿನ ಕೆಲಸ ಸರಳ. ದಿನಾ ಸಂಜೆ 6:30ಕ್ಕೆ ಗೆರೆಯ ಮೇಲೆ ಅದೇ ಜಾಗದಲ್ಲಿ ನಿಲ್ಲಬೇಕು. ಕೈ ಪೂರ್ತಿ ಚಾಚಿ, ಗೆರೆಯಿಂದ ಚಂದ್ರ ಎಷ್ಟು ಮುಷ್ಟಿ ಆಚೆ ಇದ್ದಾನೆ ಅಂತ ಎಣಿಸಿ ಬರೆಯಬೇಕು. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿಯಷ್ಟು ಆಗುತ್ತದೆ. ಮಕ್ಕಳ ಮುಷ್ಟಿ ಚಿಕ್ಕದು, ಆದರೆ ಕೈಯೂ ಗಿಡ್ಡ ಅಲ್ವಾ, ಅದಕ್ಕೇ ಅವರಿಗೂ ಹತ್ತೇ ಬರುತ್ತದೆ. ನವೆಂಬರ್ 3ನೇ ತಾರೀಖು ಪಶ್ಚಿಮದಲ್ಲಿ ಕೆಳಗೆ ಸಣ್ಣ ಗೀರಿನಂತೆ ಕಂಡ ಚಂದ್ರ ದಿನಕ್ಕೆ ಒಂದು ಮುಷ್ಟಿ, ಮೇಲೊಂದು ಬೆರಳಿನಷ್ಟು ಎಡಕ್ಕೆ ಸರಿಯುತ್ತಾ, 9ರಂದು ಅರ್ಧ ತುಂಬಿ ಹೆಚ್ಚುಕಮ್ಮಿ ಸುಣ್ಣದ ಗೆರೆಯ ನೇರಕ್ಕೇ ಬಂದು ನಿಂತ.

ಆ ವಾರದಲ್ಲೇ ಕೆಲವರು ಮನೇಲಿ ಕೂತು ಕ್ಯಾಲೆಂಡರ್ ನೋಡಿ ಚಿತ್ರ ಬರೆದದ್ದು ಗೊತ್ತಾಯಿತು. ಕ್ಯಾಲೆಂಡರಿನ ಬಾಲಚಂದ್ರ ಆವರಣ ಚಿಹ್ನೆಯ ಹಾಗೆ ನೆಟ್ಟಗೆ ನಿಂತಿರುತ್ತಾನೆ. ನಮ್ಮ ಆಕಾಶದಲ್ಲಿ ಹಾಗೆ ನಿಲ್ಲೋದಿಲ್ಲ. ಸೂರ್ಯ ಮುಳುಗಿದ್ದು ಕೆಳಗೆ ಬಲಕ್ಕೆ, ಅದಕ್ಕೇ ಬೆಳಗಿದ ಬದಿ ಬಲಕ್ಕೆ ಕೆಳಗೆ ವಾಲಿರುತ್ತದೆ. ನೆಟ್ಟಗೆ ಬರೆದವರನ್ನು ಬೈಯಲಿಲ್ಲ, ವಾಲಿಸಿ ಬರೆದವರ ವಹಿ ಪಕ್ಕದಲ್ಲಿಟ್ಟು ತೋರಿಸಿದೆ. ಮರುದಿನದಿಂದ ಎಲ್ಲರ ಚಂದ್ರನೂ ವಾಲಿದ.

15ರ ರಾತ್ರಿ ಹುಣ್ಣಿಮೆ. 16ರಂದು 6:30ಕ್ಕೆ ಪೂರ್ವದಲ್ಲಿ ಆಗಷ್ಟೇ ಮೇಲೆ ಬಂದಿದ್ದ. 17ರಿಂದ ಎಲ್ಲರ ವಹಿಯಲ್ಲೂ ಒಂದೇ ಮಾತು, "ಚಂದ್ರ ಇಲ್ಲ". ಈ ಯೋಜನೆ ಇಲ್ಲೇ ನಿಂತುಹೋಗುವ ಅಪಾಯ ಜಾಸ್ತಿ. ಹುಣ್ಣಿಮೆ ಆದಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಮಕ್ಕಳನ್ನು ನಡುರಾತ್ರಿ ಎಬ್ಬಿಸೋದು ಆಗದ ಮಾತು. ಆದರೆ ತಡವಾಗಿ ಹುಟ್ಟಿದವನು ತಡವಾಗಿಯೇ ಮುಳುಗಬೇಕಲ್ಲ. ಹಾಗಾಗಿ 20ರಿಂದ ವೇಳೆಯನ್ನೇ ಬದಲಿಸಿ, ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮೈದಾನದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದೆ.

22, ಶುಕ್ರವಾರ. ನೀಲಿ ಆಕಾಶದಲ್ಲಿ ಅರ್ಧ ಚಂದ್ರ ಬೆಳ್ಳಗೆ ಕಾಣುತ್ತಿದ್ದ. ಅರ್ಧ ಯಾಕೆ ಕಾಣೋದಿಲ್ಲ ಅಂತ ಕೇಳಿದೆ. ಏಳೆಂಟು ಜನ ಒಟ್ಟಿಗೆ ಹೇಳಿದರು, "ಭೂಮಿ ನೆರಳು ಬಿದ್ದೈತ್ರಿ ಸರ್." ಪಾಠ ಓದಿ, ಪರೀಕ್ಷೆಯಲ್ಲಿ ಸರಿ ಬರೆದ ಮಕ್ಕಳೂ ಇದನ್ನೇ ಹೇಳುತ್ತಾರೆ. ಗ್ರಹಣದ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ.

ಲಿಂಬೆಹಣ್ಣಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಹಿಂದಿನ ದಿನವೇ ಹತ್ತು ಹಣ್ಣಿಗೆ ಸುಣ್ಣ ಬಳಿದು ಒಣಗಿಸಿ, ಒಂದೊಂದನ್ನೂ ಪೆನ್ಸಿಲ್‌ಗೆ ಚುಚ್ಚಿ ಇಟ್ಟಿದ್ದೆ. ಬಿಸಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಲಿಂಬೆಯನ್ನು ಆಕಾಶದಲ್ಲಿ ಚಂದ್ರನ ಪಕ್ಕಕ್ಕೇ ಹಿಡಿಯಿರಿ ಅಂದೆ. ಸೂರ್ಯ ಬೆನ್ನ ಹಿಂದೆ ಇರಲಿ, ಆ ಕಡೆ ತಿರುಗಿ ನೋಡಬಾರದು ಅಂತ ಎರಡು ಸಲ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ, "ಸರ್, ಲಿಂಬಿಹಣ್ಣೂ ಅರ್ಧಾನೇ ಆಗೈತ್ರಿ!" ಅಂದಳು. ಅಷ್ಟೇ ಅಲ್ಲ, ಬೆಳಕಿಗೂ ಕತ್ತಲಿಗೂ ನಡುವಿನ ಗೆರೆ ಚಂದ್ರನಲ್ಲಿ ಎಷ್ಟು ಓರೆ ಇತ್ತೋ ಲಿಂಬೆಯಲ್ಲೂ ಅಷ್ಟೇ ಓರೆ. ನೆರಳಲ್ಲಿ ನಿಂತವರಿಗೆ ಮಾತ್ರ ಆಗಲಿಲ್ಲ. ಚಂದ್ರನಿಂದ ದೂರ ಹಿಡಿದವರಿಗೂ ಬೇರೆ ಆಕಾರ ಬಂತು, ಅವರ ಕೈ ಸರಿ ಮಾಡಬೇಕಾಯಿತು.

ಭೂಮಿಯ ನೆರಳು ಹಾಗಾದರೆ ಎಲ್ಲಿದೆ? ಇದಕ್ಕೆ ಹಳೆಯ ಮೀಟರ್ ಕೋಲನ್ನೇ ಮೈದಾನದಲ್ಲಿ ನಿಲ್ಲಿಸಿದೆವು. ಕೋಲಿನ ತಲೆಯಿಂದ ನೆರಳಿನ ತುದಿಗೆ ಒಂದು ದಾರ ಕಟ್ಟಿ, ಈ ದಾರ ಹೀಗೇ ಮುಂದೆ ಹೋದರೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ನೆಲದೊಳಕ್ಕೆ. ನೆಲ ದಾಟಿ ಭೂಮಿಯ ಆಚೆ ಬದಿಗೆ. ಭೂಮಿಯ ನೆರಳು ಬೀಳುವುದೂ ಅದೇ ಕಡೆ, ನಮ್ಮ ಕಾಲ ಕೆಳಗೆ. ಚಂದ್ರ ಇರೋದು ಮೇಲೆ. ಸೂರ್ಯನೂ ಚಂದ್ರನೂ ಎರಡೂ ಚೆನ್ನಾಗಿ ಮೇಲಿರುವಾಗ ಆ ನೆರಳು ಚಂದ್ರನನ್ನು ಮುಟ್ಟುವ ದಾರಿಯೇ ಇಲ್ಲ. ಲಿಂಬೆಯ ಕಪ್ಪು ಭಾಗ ಯಾರ ನೆರಳೂ ಅಲ್ಲ, ಬಿಸಿಲು ಬೀಳದ ಅದರದ್ದೇ ಬೆನ್ನು. ಇದು ಅರ್ಥವಾದಾಗ ಮಕ್ಕಳ ಮುಖ ನೋಡಬೇಕಿತ್ತು, ನನಗೆ ಅವತ್ತು ತುಂಬಾ ಸಂತೋಷವಾಯಿತು.

ಈ ಪ್ರಯೋಗಕ್ಕೆ ತಿಂಗಳಲ್ಲಿ ಸಿಗೋದು ಕೆಲವೇ ಬೆಳಗು. ಹುಣ್ಣಿಮೆಯಾದ ನಾಲ್ಕೈದು ದಿನಕ್ಕೆ ಶುರು ಮಾಡಿದರೆ ಒಂದು ವಾರ ಆಗುತ್ತದೆ. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ನಿಲ್ಲಿಸಲೇಬೇಕು, ಆಮೇಲೆ ಚಂದ್ರ ಸೂರ್ಯನ ಹತ್ತಿರ ಬರುತ್ತಾನೆ, ಹುಡುಕಲು ಹೋದರೆ ಕಣ್ಣಿಗೆ ಅಪಾಯ. ಬೆಳಿಗ್ಗೆ ತಪ್ಪಿದರೆ ಶುಕ್ಲಪಕ್ಷದ ಅಷ್ಟಮಿ ಆಸುಪಾಸು ಸಂಜೆ ನಾಲ್ಕಕ್ಕೆ ಶಾಲೆ ಬಿಡುವ ಹೊತ್ತಲ್ಲಿ ಪೂರ್ವದ ಕಡೆ ನೋಡಿಸಬಹುದು.

ನಕ್ಷತ್ರದ ಮಾತು ನಾನು ಯೋಚಿಸಿದ್ದಕ್ಕಿಂತ ಬೇರೆ ದಾರಿಯಲ್ಲಿ ಬಂತು. 16ರ ರಾತ್ರಿ ಊಟವಾದ ಮೇಲೆ ಚಂದ್ರನ ಕೆಳಗೆ ಕೆಂಪಗೆ ಹೊಳೆಯುವ ಚುಕ್ಕೆ ನೋಡಿ, ಅದೇ ರೋಹಿಣಿ ಅಂತ ಹೇಳಿದ್ದೆ. ಲಿಂಬೆ ಹಿಡಿದ ಅದೇ ಹುಡುಗಿ ಮನೆಯಲ್ಲಿ ಅಜ್ಜನಿಗೆ ತೋರಿಸಿದ್ದಳು. ಅಜ್ಜ ಕೇಳಿದ್ದರಂತೆ, ಇಷ್ಟು ವರ್ಷ ರೋಹಿಣಿ ಮಳೆ ನೋಡಿ ಬಿತ್ತೀನಿ, ಮಳಿ ಬರೋ ಹೊತ್ತಿಗೆ ಈ ಚುಕ್ಕಿ ಎಲ್ಲಿರತದ ಅಂತ. ನಾನು ಉತ್ತರ ಹೇಳಲಿಲ್ಲ, ವಹಿ ತೆಗೆಸಿದೆ. 16ರಂದು ತುಂಬಿದ ಚಂದ್ರ ರೋಹಿಣಿ ಹತ್ತಿರ ಇದ್ದ, ಅಂದರೆ ಸೂರ್ಯ ಅದಕ್ಕೆ ಎದುರು ಬದಿಯಲ್ಲಿ. ಆರು ತಿಂಗಳು ಮುಂದೆ ಎಣಿಸು ಅಂದೆ. ಬೆರಳು ಮಡಿಚುತ್ತಾ ಮೇ ತಿಂಗಳ ಕೊನೆಗೆ ಬಂದು ನಿಂತಳು. "ಆಗ ಸೂರ್ಯನ ಅಲ್ಲಿರ್ತಾನ್ರಿ ಸರ್. ಅದಕ್ಕ ರೋಹಿಣಿ ಕಾಣೂದಿಲ್ಲ." ಸಂಜೆ ಅಜ್ಜನಿಗೆ ಹೇಳಬೇಕು ಅಂತ ಓಡಿದಳು.